ಪ್ರೋನೋಟಿನ ಸಾಲ: ಮಾರ್ಚ್ 31ಕ್ಕೆ ಬಡ್ಡಿ ಬರೆಯುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ತೋಟದ ಸಾಮಾನು ಮಾರುವವರಿಗೆ ಹಣದ ಮುಗ್ಗಟ್ಟು ಬರುವುದು ಕಾಫಿ ಕೊಯ್ಲಿಗೆ ಮೊದಲು. ಗೋಣಿಚೀಲ, ಟಾರ್ಪಾಲು, ಗೊಬ್ಬರವನ್ನೆಲ್ಲ ಮುಂಚಿತವಾಗಿ ತಂದು ಪೇರಿಸಬೇಕು. ಕಡ ಕೊಟ್ಟ ಬೆಳೆಗಾರರಿಂದ ದುಡ್ಡು ಬರುವುದೋ ಕಾಫಿ ಮಾರಿದ ಮೇಲೆ. ಹಾಗಾಗಿ ಅಕ್ಟೋಬರಿನಲ್ಲಿ ಪ್ರೋನೋಟು ಬರೆದುಕೊಟ್ಟು ಸಾಲ ತಂದರೆ, ಅದು ತೀರುವಾಗ ಮಳೆಗಾಲ ಬಂದಿರುತ್ತದೆ. ನಡುವೆ ಮಾರ್ಚ್ 31 ಬರುತ್ತದೆ. ಲೆಕ್ಕದ ತೊಡಕೆಲ್ಲ ಇರುವುದು ಆ ಒಂದು ದಿನದಲ್ಲಿ.

ಒಂದು ಅಂಗಡಿಯ ಲೆಕ್ಕವನ್ನೇ ಹಿಡಿಯೋಣ. ಸಾಲ 6,00,000 ರೂಪಾಯಿ, ಬಡ್ಡಿ ವರ್ಷಕ್ಕೆ ಶೇ 12, ಅವಧಿ ಒಂಬತ್ತು ತಿಂಗಳು. ನೋಟು ಬರೆದದ್ದು 2024ರ ಅಕ್ಟೋಬರ್ 1, ತೀರಿಸಿದ್ದು 2025ರ ಜುಲೈ 1. ಅಸಲು, ಬಡ್ಡಿ ಎರಡನ್ನೂ ಕೊನೆಯಲ್ಲಿ ಒಟ್ಟಿಗೆ ಕೊಡುವ ಕರಾರು.

ಹಣ ಕೈಸೇರಿದ ದಿನದ ನಮೂದು ಸುಲಭ:

ಅಕ್ಟೋಬರ್ 1, 2024
ಬ್ಯಾಂಕ್ ಖಾತೆ – ಡೆಬಿಟ್ 6,00,000
ಪ್ರೋನೋಟು ಸಾಲ ಖಾತೆ – ಕ್ರೆಡಿಟ್ 6,00,000

ಬಡ್ಡಿಯ ಮಾತು ಇಲ್ಲಿ ಬೇಡ. ಒಂದು ದಿನವೂ ಕಳೆಯದ ಸಾಲಕ್ಕೆ ಬಡ್ಡಿ ಹುಟ್ಟಿರುವುದಿಲ್ಲ.

ಇನ್ನು ಮಾರ್ಚ್ 31. ಅಂದು ಸಾಲ ಕೊಟ್ಟವರಿಗೆ ಒಂದು ಪೈಸೆಯನ್ನೂ ಕೊಟ್ಟಿಲ್ಲ, ಅವರು ಕೇಳಿಯೂ ಇಲ್ಲ. ಹಾಗೆಂದು ಬಡ್ಡಿಯನ್ನು ಬಿಟ್ಟುಬಿಡುವಂತಿಲ್ಲ. ಆ ಹಣದಲ್ಲಿ ತಂದ ಚೀಲ, ಟಾರ್ಪಾಲುಗಳು ಕೊಯ್ಲಿನ ಕಾಲದಲ್ಲಿ ಮಾರಾಟವಾಗಿ, ಅದರ ಲಾಭ ಈ ವರ್ಷದ ಲೆಕ್ಕಕ್ಕೆ ಸೇರಿಹೋಗಿದೆ. ಆ ಆರು ತಿಂಗಳ ಬಡ್ಡಿಯೂ ಈ ವರ್ಷದ ಖರ್ಚೇ. ವರ್ಷದ ಬಡ್ಡಿ 72,000, ತಿಂಗಳಿಗೆ 6,000. ಆರು ತಿಂಗಳಿಗೆ 36,000. ಹೊಂದಾಣಿಕೆ ನಮೂದು ಹೀಗಿರುತ್ತದೆ:

ಮಾರ್ಚ್ 31, 2025
ಬಡ್ಡಿ ಖರ್ಚು ಖಾತೆ – ಡೆಬಿಟ್ 36,000
ಕೊಡಬೇಕಾದ ಬಡ್ಡಿ ಖಾತೆ – ಕ್ರೆಡಿಟ್ 36,000

ಮೊದಲನೆಯದು ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಎರಡನೆಯದು ಆಸ್ತಿ-ಹೊಣೆ ಪಟ್ಟಿಯಲ್ಲಿ ಹೊಣೆಯಾಗಿ ನಿಲ್ಲುತ್ತದೆ. ಈ 36,000ವನ್ನು ಪ್ರೋನೋಟು ಸಾಲ ಖಾತೆಗೇ ಸೇರಿಸಿಬಿಡುವವರಿದ್ದಾರೆ. ಹಾಗೆ ಮಾಡಬಾರದು. ನೋಟಿನಲ್ಲಿರುವುದು ಆರು ಲಕ್ಷ, ಪುಸ್ತಕ ತೋರಿಸುವುದು 6,36,000 ಎಂದಾದರೆ ಅಸಲೆಷ್ಟು, ಬಡ್ಡಿಯೆಷ್ಟು ಎಂದು ಮುಂದೆ ಕೆದಕುತ್ತಾ ಕೂರಬೇಕಾಗುತ್ತದೆ.

ತಿಂಗಳ ಲೆಕ್ಕವೋ ದಿನದ ಲೆಕ್ಕವೋ ಎಂಬುದನ್ನು ನೋಟಿನ ಒಕ್ಕಣೆ ನೋಡಿ ತೀರ್ಮಾನಿಸಿ. ಸಾಲ ತಂದ ದಿನವನ್ನು ಬಿಟ್ಟು ಎಣಿಸಿದರೆ ಮಾರ್ಚ್ 31ಕ್ಕೆ 181 ದಿನಗಳಾಗುತ್ತವೆ. 365 ದಿನದ ವರ್ಷದಲ್ಲಿ ಬಡ್ಡಿ ಸುಮಾರು 35,704 ರೂಪಾಯಿ. ಯಾವುದನ್ನು ಹಿಡಿದರೂ ಕೊನೆಯವರೆಗೆ ಅದನ್ನೇ ಹಿಡಿಯಬೇಕು.

ತೆರಿಗೆಯ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಹಿಂದಿನ ವರ್ಷ ಒಂದು ಕೋಟಿ ರೂಪಾಯಿಗೂ ಮೀರಿ ವಹಿವಾಟು ನಡೆಸಿದ ವ್ಯಾಪಾರಿಯಾದರೆ, ಇಂಥ ಬಡ್ಡಿಯಲ್ಲಿ ಮೂಲದಲ್ಲೇ ತೆರಿಗೆ ಹಿಡಿಯುವ ಹೊಣೆ ಬರುತ್ತದೆ. ಹಣ ಕೊಟ್ಟಿಲ್ಲ ಎಂಬ ನೆಪ ಅಲ್ಲಿ ನಡೆಯುವುದಿಲ್ಲ. ಕೊಡಬೇಕಾದ ಬಡ್ಡಿ ಖಾತೆಗೆ ಜಮೆ ಮಾಡಿದರೂ ಸಾಕು, ಹೊಣೆ ಅಂದೇ ತಗುಲುತ್ತದೆ. ನಮ್ಮ ಅಂಗಡಿ ಅಷ್ಟು ದೊಡ್ಡದಲ್ಲ ಎಂದುಕೊಂಡು ಮುಂದೆ ಹೋಗೋಣ.

ಜುಲೈ 1ಕ್ಕೆ ಒಟ್ಟು ಬಡ್ಡಿ 54,000. ಕೊಡಬೇಕಾದದ್ದು 6,54,000. ಹೆಚ್ಚಿನ ಪುಸ್ತಕಗಳು ಕೆಡುವುದು ಇಲ್ಲಿಯೇ. ಬ್ಯಾಂಕಿನಿಂದ 54,000 ಬಡ್ಡಿ ಹೋಯಿತೆಂದು ಅಷ್ಟನ್ನೂ ಖರ್ಚಿಗೆ ಬರೆದರೆ, ಕಳೆದ ವರ್ಷವೇ ಖರ್ಚಾಗಿರುವ 36,000 ಮತ್ತೊಮ್ಮೆ ಖರ್ಚಾಗುತ್ತದೆ. ಹೊಸ ವರ್ಷದ ಪಾಲು ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳದ್ದು ಮಾತ್ರ. ಸರಿಯಾದ ನಮೂದು ಇದು:

ಜುಲೈ 1, 2025
ಪ್ರೋನೋಟು ಸಾಲ ಖಾತೆ – ಡೆಬಿಟ್ 6,00,000
ಕೊಡಬೇಕಾದ ಬಡ್ಡಿ ಖಾತೆ – ಡೆಬಿಟ್ 36,000
ಬಡ್ಡಿ ಖರ್ಚು ಖಾತೆ – ಡೆಬಿಟ್ 18,000
ಬ್ಯಾಂಕ್ ಖಾತೆ – ಕ್ರೆಡಿಟ್ 6,54,000

ಕ್ರೆಡಿಟ್ ಆಗುವುದು ಬ್ಯಾಂಕ್ ಖಾತೆಯೇ ಇರಲಿ. ಇಷ್ಟು ದೊಡ್ಡ ಸಾಲವನ್ನು ನಗದಿನಲ್ಲಿ ತೀರಿಸಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಕೊಡಬೇಕು. ಹಣ ಸಂದ ಮೇಲೆ ಮೂಲ ನೋಟನ್ನು ವಾಪಸು ಪಡೆಯಲು ಮರೆಯಬೇಡಿ.

ಕೆಲವು ಗುಮಾಸ್ತರು ಏಪ್ರಿಲ್ 1ರಂದೇ ಮಾರ್ಚಿನ ನಮೂದನ್ನು ತಿರುಗಿಸಿ ಬರೆಯುತ್ತಾರೆ: ಕೊಡಬೇಕಾದ ಬಡ್ಡಿ ಡೆಬಿಟ್, ಬಡ್ಡಿ ಖರ್ಚು ಕ್ರೆಡಿಟ್. ಅದೂ ಒಪ್ಪುವ ಕ್ರಮವೇ. ಆಗ ಜುಲೈನಲ್ಲಿ 54,000ವನ್ನೂ ಬಡ್ಡಿ ಖರ್ಚಿಗೇ ಹಾಕಬೇಕು. ತಿರುಗಿಸಿದ 36,000 ಕಳೆದು 18,000 ತಾನಾಗಿ ಉಳಿಯುತ್ತದೆ. ಕೆಡುವುದು ಎರಡೂ ಕ್ರಮ ಬೆರೆತಾಗ. ಏಪ್ರಿಲ್‌ನಲ್ಲಿ ತಿರುಗಿಸಿದವರು ಜುಲೈನಲ್ಲಿ ಮತ್ತೆ ಕೊಡಬೇಕಾದ ಬಡ್ಡಿಯನ್ನು ಡೆಬಿಟ್ ಮಾಡಿದರೆ, ಆ ಹೊಣೆಯ ಖಾತೆ 36,000 ಡೆಬಿಟ್ ಬಾಕಿ ತೋರಿಸುತ್ತದೆ. ಬಡ್ಡಿ ಖರ್ಚಿನ ಖಾತೆ 18,000 ಕ್ರೆಡಿಟ್ ಬಾಕಿಗೆ ಬಂದು ನಿಲ್ಲುತ್ತದೆ. ಸಾಲ ತಂದವನಿಗೆ ಬಡ್ಡಿಯಿಂದ ಆದಾಯ ಬಂದಂತೆ ಕಂಡರೆ, ಏಪ್ರಿಲ್ 1ರ ಪುಟವನ್ನು ಮೊದಲು ತೆರೆಯಿರಿ.