ಡೇರ್, ಡೀ, ಡಾಸ್ ಮತ್ತು ನಾನು ನುಂಗಿದ ‘ಅನ್ನು’

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎರಡನೇ ವಾರ. ಮನೆ ಹತ್ತಿರದ ಬೇಕರಿಯಲ್ಲಿ ‘ಇಶ್ ನೇಮೆ ಐನ್ ಕಾಫೆ’ ಅಂದೆ, ಅಂದರೆ ಒಂದು ಕಾಫಿ ತಗೊಳ್ತೀನಿ ಅಂತ. ಕೌಂಟರಿನಲ್ಲಿದ್ದ ಹೆಂಗಸು ‘ಐನೆನ್ ಕಾಫೆ, ಗೆರ್ನೆ’ ಅಂದು ಕಪ್ ತೆಗೆದರು. ನನ್ನನ್ನು ತಿದ್ದಬೇಕು ಅಂತ ಅಲ್ಲ, ಆರ್ಡರ್ ವಾಪಸ್ ಹೇಳಿದರು ಅಷ್ಟೆ. ಮರುದಿನವೂ ನಾನು ‘ಐನ್’, ಅವರು ‘ಐನೆನ್’. ಮೂರನೇ ದಿನ ಕಪ್ ಹಿಡಿದು ಹೊರಗೆ ಬಂದಮೇಲೆ ತಲೆಗೆ ಹೊಳೆಯಿತು.

ಬೆಂಗಳೂರಿನಲ್ಲಿ ಜರ್ಮನ್ ಕ್ಲಾಸಿಗೆ ಹೋಗುವಾಗ 16 ಮನೆಗಳ ಪಟ್ಟಿಯನ್ನು ಮಗ್ಗಿ ಥರ ಬಾಯಿಪಾಠ ಮಾಡಿದ್ದೆ. ಇಂಗ್ಲಿಷಿನ ‘ದ’ ಥರ ನಾಮಪದಕ್ಕೆ ಮೊದಲು ಬರುವ ಪದಗಳ ಪಟ್ಟಿ ಅದು: ಪುಲ್ಲಿಂಗಕ್ಕೆ ಡೇರ್, ಸ್ತ್ರೀಲಿಂಗಕ್ಕೆ ಡೀ, ನಪುಂಸಕಕ್ಕೆ ಡಾಸ್, ವಿಭಕ್ತಿ ಬದಲಾದರೆ ಇವೂ ಬದಲಾಗುತ್ತವೆ. ನಾಲ್ಕು ವಿಭಕ್ತಿ, ಮೂರು ಲಿಂಗ, ಜೊತೆಗೆ ಬಹುವಚನ. ಬಸ್ಸಿನಲ್ಲಿ ನಿಂತು ಡೇರ್, ಡೇನ್, ಡೇಮ್, ಡೆಸ್ ಅಂತ ಗುನುಗುತ್ತಿದ್ದೆ. ಮಾತಾಡುವಾಗ ಅದೊಂದೂ ಬರಲಿಲ್ಲ.

ಕಾಫೆ ಜರ್ಮನ್‌ನಲ್ಲಿ ಪುಲ್ಲಿಂಗ. ನಾವು ಏನನ್ನಾದರೂ ತಗೊಂಡರೆ, ನೋಡಿದರೆ, ಕೊಂಡರೆ ಅದು ದ್ವಿತೀಯಾ ವಿಭಕ್ತಿಗೆ ಬರುತ್ತದೆ, ಆಗ ‘ಡೇರ್’ ಹೋಗಿ ‘ಡೇನ್’ ಆಗುತ್ತದೆ, ‘ಐನ್’ ಹೋಗಿ ‘ಐನೆನ್’. ಇದು ನಮಗೆ ಹೊಸದೇನಲ್ಲ, ನಮ್ಮ ‘ಅನ್ನು’ ಇದೆಯಲ್ಲ, ಅದೇ. ಆದರೆ ನಾವು ಮಾತಾಡುವಾಗ ಅದನ್ನು ನುಂಗಿಬಿಡುತ್ತೇವೆ. ‘ಕಾಫಿ ಕುಡಿದೆ’, ‘ಟೇಬಲ್ ತಂದೆ’ ಅಂತೀವಿ, ಕಾಫಿಯನ್ನು ಕುಡಿದೆ ಅಂತ ಯಾರು ಹೇಳುತ್ತಾರೆ? ಮನುಷ್ಯರ ವಿಷಯದಲ್ಲಿ ಮಾತ್ರ ನುಂಗುವುದಿಲ್ಲ: ‘ತಮ್ಮನನ್ನು ಕರೆದೆ’ ಅಂತಲೇ ಹೇಳಬೇಕು. ನನ್ನ ತಪ್ಪುಗಳನ್ನು ಒಂದು ವಾರ ಬರೆದಿಟ್ಟು ನೋಡಿದೆ. ತಮ್ಮ, ಮೇಷ್ಟ್ರು ಇಂಥವರು ಬಂದ ಕಡೆ ‘ಡೇನ್’ ಸರಿಯಾಗಿತ್ತು. ಟೇಬಲ್, ಕಾಫಿ, ಕೀಲಿ ಬಂದ ಕಡೆಯೆಲ್ಲ ‘ಡೇರ್’. ನಾನು ಜರ್ಮನ್ ತಪ್ಪಾಗಿ ಮಾತಾಡುತ್ತಿರಲಿಲ್ಲ, ಆಡುಗನ್ನಡವನ್ನು ಸರಿಯಾಗಿ ಮಾತಾಡುತ್ತಿದ್ದೆ!

ಆಮೇಲೆ ಮಾಡಿದ್ದು ಇಷ್ಟೆ. ವಾಕ್ಯ ಹೇಳುವ ಮೊದಲು ಮನಸ್ಸಿನಲ್ಲಿ ಹಳೇ ಪಠ್ಯಪುಸ್ತಕದ ಕನ್ನಡದಲ್ಲಿ ಹೇಳಿಕೊಳ್ಳುವುದು: ‘ನಾನು ಕಾಫಿಯನ್ನು ತೆಗೆದುಕೊಳ್ಳುತ್ತೇನೆ.’ ‘ಅನ್ನು’ ಕೂತಿತಾ? ಹಾಗಾದರೆ ಡೇನ್. ಒಂದು ಸಮಾಧಾನ ಅಂದರೆ ಈ ವಿಭಕ್ತಿಯಲ್ಲಿ ಬದಲಾಗುವುದು ಪುಲ್ಲಿಂಗ ಏಕವಚನ ಮಾತ್ರ. ಡೀ ಡೀ ಆಗೇ ಇರುತ್ತದೆ, ಡಾಸ್ ಡಾಸ್ ಆಗೇ.

ಆದರೆ ಲಿಂಗವೇ ಗೊತ್ತಿಲ್ಲದಿದ್ದರೆ? ಕನ್ನಡದಲ್ಲಿ ಮೇಜು, ಚಮಚ, ಬಾಗಿಲು ಎಲ್ಲ ‘ಅದು’. ಇಲ್ಲಿ ಊಟದ ಟೇಬಲ್ ಮೇಲೇ ಮೂರು ಲಿಂಗ: ಚಮಚ ಡೇರ್, ಫೋರ್ಕ್ ಡೀ, ಚಾಕು ಡಾಸ್. ಕಾರಣ ಹುಡುಕಬೇಡಿ, ಸಿಗಲ್ಲ. ಕೆಲವು ಬಾಲಗಳು ಮಾತ್ರ ನಂಬಿಕೆಗೆ ಯೋಗ್ಯ. ‘ಉಂಗ್’, ‘ಹೈಟ್’, ‘ಕೈಟ್’ ಬಾಲ ಅಂಟಿಸಿಕೊಂಡ ಪದ ಡೀ. ಪುಟ್ಟದು ಅನ್ನುವುದಕ್ಕೆ ಅಂಟಿಸುವ ‘ಶೆನ್’ ಇದ್ದರೆ ಡಾಸ್, ಹಾಗಾಗಿ ಹುಡುಗಿ ಅನ್ನುವ ‘ಮೆಡ್‌ಶೆನ್’ ನಪುಂಸಕ. ಇದನ್ನು ಕೇಳಿ ಕ್ಲಾಸಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅನ್ನಿಸಿತು, ‘ಮಗು ಅಳ್ತಾ ಇದೆ’ ಅನ್ನುವವರು ನಾವು, ನಗುವುದಕ್ಕೆ ನಮಗೇನು ಹಕ್ಕಿದೆ ಅಂತ.

ಉಳಿದ ಪದಗಳಿಗೆ ನೋಟ್‌ಬುಕ್ಕೇ ಗತಿ. ಅದರಲ್ಲೂ ಎಡವಿದೆ. ಕೇಳಿದ್ದನ್ನೆಲ್ಲ ಹಾಗೇ ಬರೆದುಕೊಳ್ಳುತ್ತಿದ್ದೆ. ಆಫೀಸಿನಲ್ಲಿ ಯಾರೋ ‘ಮಿಟ್ ಡೇರ್ ಬಾನ್’, ಅಂದರೆ ರೈಲಿನಲ್ಲಿ ಬಂದೆ ಅಂದರು. ‘ಡೇರ್’ ಕೇಳಿಸಿತಲ್ಲ, ಬಾನ್ ಪುಲ್ಲಿಂಗ ಅಂತ ಬರೆದೆ. ತಿಂಗಳುಗಟ್ಟಲೆ ‘ಮಿಟ್ ಡೇಮ್ ಬಾನ್’ ಅಂತ ಹೇಳಿಕೊಂಡು ಓಡಾಡಿದೆ. ನಿಜಕ್ಕೂ ಬಾನ್ ಸ್ತ್ರೀಲಿಂಗ. ‘ಮಿಟ್’ ಬಂದರೆ ಚತುರ್ಥಿ, ಚತುರ್ಥಿಯಲ್ಲಿ ‘ಡೀ’ಯೇ ‘ಡೇರ್’ ಆಗುತ್ತದೆ! 16 ಮನೆಗಳಲ್ಲಿ ಓಡಾಡುವುದು ಬರೀ ಆರು ಪದ, ಅದರಲ್ಲಿ ಡೇರ್ ಒಂದೇ ನಾಲ್ಕು ಮನೆಯಲ್ಲಿ ಕೂತಿದೆ. ಅದಾದಮೇಲೆ ನೋಟ್‌ಬುಕ್ಕಿನಲ್ಲಿ ಪದಗಳನ್ನು ‘ಅನ್ನು’ ರೂಪದಲ್ಲೇ ಬರೆಯತೊಡಗಿದೆ: ಡೇನ್ ಟಿಶ್, ಡೀ ಬಾನ್, ಡಾಸ್ ಹೌಸ್. ಏಕವಚನದಲ್ಲಿ ಹೀಗೆ ಬರೆದರೆ ಮೂರು ಲಿಂಗಕ್ಕೆ ಮೂರು ಗುರುತು, ಒಂದೂ ಬೇರೆ ಲಿಂಗದ ಏಕವಚನದ ಜೊತೆ ಕಲಸಿಹೋಗುವುದಿಲ್ಲ. ಪುಸ್ತಕಗಳು ಪ್ರಥಮಾ ರೂಪದಲ್ಲೇ ಕಲಿಯಿರಿ ಅನ್ನುತ್ತವೆ. ನನಗೆ ಇದೇ ಕೆಲಸಕ್ಕೆ ಬಂತು, ಬಾಯಿಗೆ ಡೇನ್ ಅಭ್ಯಾಸವಾಗಿದ್ದೂ ಇದರಿಂದಲೇ.

ಚತುರ್ಥಿಗೆ ನಮ್ಮ ‘ಗೆ’. ಅಪ್ಪ ಮಗುವಿಗೆ ಚೆಂಡನ್ನು ಕೊಡುತ್ತಾನೆ: ‘ಡೇರ್ ಫಾಟರ್ ಗಿಬ್ಟ್ ಡೇಮ್ ಕಿಂಟ್ ಡೇನ್ ಬಾಲ್.’ ಅಪ್ಪ ಡೇರ್, ‘ಗೆ’ ಇರುವ ಮಗು ಡಾಸ್‌ನಿಂದ ಡೇಮ್, ‘ಅನ್ನು’ ಇರುವ ಚೆಂಡು ಡೇರ್‌ನಿಂದ ಡೇನ್. ಚೆಂಡನ್ನು ಮುಂದೆ ತಂದು ‘ಡೇನ್ ಬಾಲ್ ಗಿಬ್ಟ್ ಡೇರ್ ಫಾಟರ್ ಡೇಮ್ ಕಿಂಟ್’ ಅಂದರೂ ಕೊಟ್ಟವನು ಅಪ್ಪನೇ, ಕನ್ನಡದಲ್ಲಿ ಪದ ಹಿಂದೆ ಮುಂದೆ ಮಾಡಿದ ಹಾಗೇ. ಸಹಾಯ ಮಾಡುವುದು, ಥ್ಯಾಂಕ್ಸ್ ಹೇಳುವುದು, ಉತ್ತರ ಕೊಡುವುದು ಇವಕ್ಕೆಲ್ಲ ಅಲ್ಲೂ ‘ಗೆ’ಯೇ. ‘ನನಗೆ ಚಳಿ’ ಅನ್ನುವುದಂತೂ ಅಚ್ಚು ಕನ್ನಡ: ‘ಮಿಯರ್ ಇಸ್ಟ್ ಕಾಲ್ಟ್.’ ನಮಗೆ ಇದು ಮೊದಲ ದಿನವೇ ಬಂತು, ಇಂಗ್ಲಿಷಿನಿಂದ ಬಂದವರು ‘ನಾನು ಚಳಿ’ ಅನ್ನುವ ಥರ ಹೇಳಿ ಒದ್ದಾಡುತ್ತಿದ್ದರು.

ಅದೇ ಧೈರ್ಯದಲ್ಲಿ ‘ಗೆ’ಯನ್ನು ಕಣ್ಣುಮುಚ್ಚಿ ನಂಬಿದ್ದು ತಪ್ಪಾಯಿತು. ಬಾಸ್‌ಗೆ ಫೋನ್ ಮಾಡುತ್ತೇನೆ ಅಂತ ‘ಇಶ್ ರೂಫೆ ಡೇಮ್ ಶೆಫ್ ಆನ್’ ಅಂದೆ. ಅಲ್ಲ, ಡೇನ್ ಶೆಫ್. ಅವರಿಗೆ ಅದು ಕರೆಯುವುದು, ಬಾಸ್‌ನನ್ನು ಕರೆಯುವುದು. ಇದಕ್ಕಿಂತ ಜಾಸ್ತಿ ಕಾಡಿದ್ದು ಜಾಗದ ವಿಷಯ. ತೋಟಕ್ಕೆ ಹೋಗುತ್ತೇನೆ ಅಂದರೆ ನಮಗೆ ಚತುರ್ಥಿ, ಅಲ್ಲಿ ದ್ವಿತೀಯಾ: ‘ಇನ್ ಡೇನ್ ಗಾರ್ಟನ್.’ ತೋಟದಲ್ಲಿದ್ದೇನೆ ಅಂದರೆ ಚತುರ್ಥಿ: ‘ಇನ್ ಡೇಮ್’, ಕುಗ್ಗಿ ‘ಇಮ್ ಗಾರ್ಟನ್’. ಪೂರ್ತಿ ಉಲ್ಟಾ! ಇನ್ನು ‘ಟೇಬಲ್ ಮೇಲೆ’ ಅಂತ ಬಂದರೆ ಕನ್ನಡ ಸಹಾಯಕ್ಕೇ ಬರುವುದಿಲ್ಲ. ಟೇಬಲ್ ಮೇಲೆ ಇಟ್ಟೆ, ಟೇಬಲ್ ಮೇಲೆ ಇದೆ, ಎರಡೂ ನಮಗೆ ಒಂದೇ. ಅವರಿಗೆ ಇಟ್ಟರೆ ‘ಔಫ್ ಡೇನ್ ಟಿಶ್’, ಇದ್ದರೆ ‘ಔಫ್ ಡೇಮ್ ಟಿಶ್’. ಇಲ್ಲಿ ವಿಭಕ್ತಿ ಪ್ರತ್ಯಯ ಮರೆತು ‘ಎಲ್ಲಿಗೆ?’ ಅಂತ ಕೇಳಿಕೊಂಡರೆ ಡೇನ್, ‘ಎಲ್ಲಿ?’ ಅಂತ ಕೇಳಿಕೊಂಡರೆ ಡೇಮ್. ಈ ಪ್ರಶ್ನೆ ಇನ್, ಔಫ್‌ನಂಥ ಕೆಲವು ಪದಗಳಿಗೆ ಮಾತ್ರ. ‘ತ್ಸು’ ಬಂದರೆ ಎಲ್ಲಿಗೆ ಹೋದರೂ ಚತುರ್ಥಿಯೇ, ಡಾಕ್ಟರ ಹತ್ತಿರ ಹೋಗುವುದು ‘ತ್ಸುಮ್ ಆರ್ಟ್ಸ್ಟ್’.

ಷಷ್ಠಿಗೆ ನಾನು ಜಾಸ್ತಿ ತಲೆಕೆಡಿಸಿಕೊಳ್ಳಲಿಲ್ಲ. ಆಫೀಸಿನ ಪತ್ರಗಳಲ್ಲಿ ಡೆಸ್ ಕಾಣುತ್ತದೆ, ಮಾತಿನಲ್ಲಿ ಬಹಳ ಸಲ ‘ಫೊನ್’ ಸೇರಿಸಿ ಚತುರ್ಥಿಯಲ್ಲೇ ಮುಗಿಸುತ್ತಾರೆ. ಓದಿದರೆ ಗೊತ್ತಾದರೆ ಸಾಕು ಅಂತ ಬಿಟ್ಟೆ.

ಇನ್ನೂ ತಪ್ಪುವುದು ಬಹುವಚನದ ಚತುರ್ಥಿ. ಅಲ್ಲೂ ‘ಡೇನ್’, ಜೊತೆಗೆ ಸಾಮಾನ್ಯವಾಗಿ ನಾಮಪದಕ್ಕೂ ಕೊನೆಯಲ್ಲಿ ಒಂದು ‘ನ್’: ಮಕ್ಕಳ ಜೊತೆ ಅನ್ನುವುದಕ್ಕೆ ‘ಮಿಟ್ ಡೇನ್ ಕಿಂಡರ್ನ್’. ಆ ಕೊನೆಯ ‘ನ್’ ನನ್ನ ಬಾಯಿಂದ ಈಗಲೂ ಅರ್ಧ ಸಲ ಬರುವುದಿಲ್ಲ. ಬೇಕರಿಯಲ್ಲಿ ಮಾತ್ರ ಐನೆನ್ ಕಾಫೆ ತಪ್ಪುವುದಿಲ್ಲ. ಹೋದ ವಾರ ಅದರ ಜೊತೆ ಪ್ರೆಟ್ಸೆಲ್ ಕೂಡ ಕೇಳಿದೆ, ‘ಐನೆನ್ ಬ್ರೆಟ್ಸೆಲ್’ ಅಂತ. ಆಕೆ ಕವರಿಗೆ ಹಾಕುತ್ತಾ ‘ಐನೆ ಬ್ರೆಟ್ಸೆಲ್, ಗೆರ್ನೆ’ ಅಂದರು.