ಮೂರು ಕೊಟೇಷನ್, ನೂರು ಹುಣಸೆ ಬೀಜ, ಒಂದು ಸ್ಲೈಡ್

ಕೋಲ್ಡ್ ರೂಮ್ ಕಟ್ಟಿಸಲು ಬಂದ ಮೂರು ಕೊಟೇಷನ್‌ಗಳಿಗೆ ಅಂಕ ಹಾಕಿ ಹೋಲಿಸಿದ್ದೆ. ಸಭೆಯ ಹಿಂದಿನ ರಾತ್ರಿ ನನ್ನ ಸ್ಲೈಡಿನ ಕೊನೆಯ ಸಾಲಿನಲ್ಲಿ ಸಿ ಕಂಪನಿ ಗೆದ್ದಿತ್ತು. ಬೆಲೆಗೆ ಅಂಕ ಕೊಡುವ ಸೂತ್ರವನ್ನು ಸುಮ್ಮನೆ ಬದಲಿಸಿ ನೋಡಿದೆ. ಬಿ ಗೆದ್ದಿತು, ಸಿ ಕೊನೆಯ ಸ್ಥಾನಕ್ಕೆ ಇಳಿಯಿತು. ಕೊಟೇಷನ್‌ಗಳು ಅವೇ, ಮಾನದಂಡಗಳಿಗೆ ಕೊಟ್ಟ ತೂಕಗಳೂ ಅವೇ. ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮದು ಕೋಲಾರ ತಾಲ್ಲೂಕಿನ ಒಂದು ರೈತ ಉತ್ಪಾದಕರ ಕಂಪನಿ. ಅಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಟೊಮೆಟೊ ಬೆಲೆ ಕುಸಿದ ದಿನ ಮಾಲನ್ನು ಎರಡು ಮೂರು ದಿನ ತಡೆದು, ಆಮೇಲೆ ಎಪಿಎಂಸಿಗೆ ಕಳಿಸುವಂತಾಗಲಿ ಎಂದು ಹತ್ತು ಟನ್ನಿನ ಕೋಲ್ಡ್ ರೂಮ್ ಕಟ್ಟಿಸಲು ನಿರ್ದೇಶಕರು ತೀರ್ಮಾನಿಸಿದ್ದರು. ಕೊಟೇಷನ್ ಕೊಟ್ಟವರು ನಾಲ್ವರು. ಒಬ್ಬರನ್ನು ಅಂಕ ಹಾಕುವ ಮೊದಲೇ ಕೈಬಿಟ್ಟೆವು. ಅವರದು ಹಾಲಿಗೆಂದು ಮಾಡಿದ ಕೊಠಡಿ, ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ಓಡುವಂಥದ್ದು. ಕಾಯಿ ಟೊಮೆಟೊವನ್ನು ಅಷ್ಟು ತಂಪಿನಲ್ಲಿಟ್ಟರೆ ಅದು ಆಮೇಲೆ ಸರಿಯಾಗಿ ಕೆಂಪಾಗುವುದಿಲ್ಲ, ಮೈಮೇಲೆ ಗುಳಿ ಬೀಳುತ್ತದೆ. ನಮಗೆ ಬೇಕಾದದ್ದು 12ರಿಂದ 13 ಡಿಗ್ರಿ. ಇಂಥ ಕಡ್ಡಾಯ ಷರತ್ತನ್ನು ಅಂಕಪಟ್ಟಿಯೊಳಗೆ ತರಬಾರದು. ತಂದರೆ ಬೆಲೆಯಲ್ಲಿ ಗಳಿಸಿದ ಅಂಕ ಆ ದೋಷವನ್ನು ಮುಚ್ಚಿಹಾಕುತ್ತದೆ. ಇದೆಯೋ ಇಲ್ಲವೋ ಎಂದು ಬಾಗಿಲಲ್ಲೇ ಕೇಳಿ, ಇಲ್ಲದವರನ್ನು ಅಲ್ಲಿಂದಲೇ ಕಳಿಸಬೇಕು.

ಉಳಿದ ಮೂವರನ್ನು ಎ, ಬಿ, ಸಿ ಎನ್ನುತ್ತೇನೆ.

ಮಾನದಂಡಗಳ ಪಟ್ಟಿ ಮೊದಲು ಹನ್ನೊಂದಿತ್ತು, ಅದನ್ನು ಐದಕ್ಕೆ ಇಳಿಸಿದೆವು. ಇಳಿಸುವಾಗ ನೋಡಿದ್ದು ಒಂದೇ: ಒಂದೇ ಗುಣ ಎರಡು ಹೆಸರಿನಲ್ಲಿ ಕೂತಿದೆಯೇ? ‘ಗೋಡೆಯ ಪ್ಯಾನೆಲ್ ದಪ್ಪ’ ಎಂದು ಬೇರೆ ಸಾಲಿತ್ತು. ಪ್ಯಾನೆಲ್ ದಪ್ಪವಿದ್ದರೆ ವಿದ್ಯುತ್ ಖರ್ಚು ಕಡಿಮೆ, ಕರೆಂಟ್ ಹೋದಾಗ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಎರಡಕ್ಕೂ ಆಗಲೇ ಸಾಲುಗಳಿದ್ದವು. ದಪ್ಪಕ್ಕೂ ಅಂಕ ಕೊಟ್ಟಿದ್ದರೆ ಒಂದೇ ಕೆಲಸಕ್ಕೆ ಮೂರು ಸಲ ಕೂಲಿ ಕೊಟ್ಟ ಹಾಗೆ ಆಗುತ್ತಿತ್ತು.

ತೂಕ ಹಂಚಲು ಹುಣಸೆ ಬೀಜ ಬಳಸಿದೆವು. ನಿರ್ದೇಶಕರು ಐವರು, ಒಬ್ಬೊಬ್ಬರಿಗೆ ಇಪ್ಪತ್ತು ಬೀಜ, ಮೇಜಿನ ಮೇಲೆ ಮಾನದಂಡದ ಹೆಸರು ಬರೆದ ಐದು ಲೋಟ. ಯಾರೂ ಮಾತಾಡದೆ ತಮಗೆ ಮುಖ್ಯವೆನಿಸಿದ ಲೋಟಕ್ಕೆ ಬೀಜ ಹಾಕಿದರು. ಒಟ್ಟು ನೂರು ಬೀಜವಾದ್ದರಿಂದ ಎಣಿಕೆಯೇ ಶೇಕಡಾವಾರು ತೂಕ: 31, 24, 19, 16, 10. ಎಲ್ಲರನ್ನೂ ಕೇಳಿ 30, 25, 20, 15, 10 ಎಂದು ಸರಿಮಾಡಿದೆವು. ಆಗ ಕೊಟೇಷನ್ ಲಕೋಟೆಗಳು ಇನ್ನೂ ಬೀರುವಿನಲ್ಲಿದ್ದವು. ಬೆಲೆ ಕಣ್ಣಿಗೆ ಬಿದ್ದ ಮೇಲೆ ತೂಕ ಹಾಕಿದರೆ ಮನಸ್ಸು ಮೊದಲೇ ಆರಿಸಿಟ್ಟವರ ಕಡೆಗೆ ಬೀಜಗಳು ಉರುಳುತ್ತವೆ. ಇಷ್ಟೆಲ್ಲ ಎಚ್ಚರ ವಹಿಸಿದವಳು ಬೆಲೆಯನ್ನು ಅಂಕವಾಗಿಸುವ ಸೂತ್ರವನ್ನು ಮಾತ್ರ ಮೊದಲೇ ನಿಗದಿ ಮಾಡಲು ಮರೆತೆ.

ಅಂಕಗಳು ಒಂದರಿಂದ ಐದು. ‘ಚೆನ್ನಾಗಿದೆ’, ‘ಪರವಾಗಿಲ್ಲ’ ಎಂಬ ಮಾತುಗಳನ್ನು ಬಿಟ್ಟು, ಪ್ರತಿ ಅಂಕ ಯಾವುದಕ್ಕೆ ಎಂದು ಬರೆದಿಟ್ಟಿದ್ದೆವು. ಸರ್ವಿಸ್‌ನಲ್ಲಿ 5 ಎಂದರೆ ದೂರು ಕೊಟ್ಟ 24 ಗಂಟೆಯೊಳಗೆ ಮೆಕ್ಯಾನಿಕ್ ಬರುತ್ತಾರೆ, 4 ಎಂದರೆ 48 ಗಂಟೆ, 2 ಎಂದರೆ ನಾಲ್ಕು ದಿನ ಮೀರುತ್ತದೆ. ಕರೆಂಟ್ ಹೋದಾಗಿನ ಸಾಲಿಗೆ, ಬಾಗಿಲು ಮುಚ್ಚಿಟ್ಟರೆ ಕೊಠಡಿ ಎಷ್ಟು ಗಂಟೆ ತಂಪಾಗಿರುತ್ತದೆ ಎಂಬುದು ಅಳತೆ. ಸಿ ಕಂಪನಿಯ ಕೊಠಡಿಯಲ್ಲಿ ತಂಪು ಹಿಡಿದಿಡುವ ತಟ್ಟೆಗಳಿದ್ದವು, ಅದಕ್ಕೇ ಅವರಿಗೆ ಅಲ್ಲಿ ಪೂರ್ಣಾಂಕ.

ಬೆಲೆಗಳನ್ನು ಮೊದಲು ಒಂದೇ ನೆಲಕ್ಕೆ ತರಬೇಕಾಯಿತು. ಎ ಕಂಪನಿಯ ಹಾಳೆಯಲ್ಲಿ ತೆರಿಗೆ, ಸಾಗಣೆ, ಕಾಂಕ್ರೀಟ್ ನೆಲ ಯಾವುದೂ ಸೇರಿರಲಿಲ್ಲ. ಉಳಿದಿಬ್ಬರು ಎಲ್ಲವನ್ನೂ ಸೇರಿಸಿದ್ದರು. ಎಲ್ಲ ಕೂಡಿದ ಮೇಲೆ ಎ 12.6 ಲಕ್ಷ, ಬಿ 14 ಲಕ್ಷ, ಸಿ 16.8 ಲಕ್ಷ.

ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ B ಕಾಲಂ ತೂಕಗಳಿಗೆ, C, D, E ಕಾಲಂಗಳು ಕ್ರಮವಾಗಿ ಎ, ಬಿ, ಸಿ ಕಂಪನಿಗಳಿಗೆ. ಎರಡರಿಂದ ಆರನೆಯ ಸಾಲಿನವರೆಗೆ ಮಾನದಂಡಗಳು, ಒಂಬತ್ತನೆಯ ಸಾಲಿನಲ್ಲಿ ಬೆಲೆಗಳು. ಸೂತ್ರಗಳು ಎರಡೇ:

```
C2:  =5*MIN($C$9:$E$9)/C9
C7:  =SUMPRODUCT($B$2:$B$6,C2:C6)/SUM($B$2:$B$6)
```

ಮೊದಲನೆಯದು ಅತಿ ಕಡಿಮೆ ಬೆಲೆಯನ್ನು ಇವರ ಬೆಲೆಯಿಂದ ಭಾಗಿಸಿ ಐದರಿಂದ ಗುಣಿಸುತ್ತದೆ. ಎ ಕಂಪನಿಗೆ 5, ಬಿಗೆ 4.5, ಸಿಗೆ 3.75. ಇನ್ನೊಂದು ಪ್ರತಿ ಅಂಕವನ್ನು ಅದರ ತೂಕದಿಂದ ಗುಣಿಸಿ, ಎಲ್ಲ ಕೂಡಿ, ಒಟ್ಟು ತೂಕದಿಂದ ಭಾಗಿಸುತ್ತದೆ. ಹೀಗೆ ಬಂದ ಪಟ್ಟಿ ಇದು:

| ಮಾನದಂಡ | ತೂಕ | ಎ | ಬಿ | ಸಿ |
|---|---|---|---|---|
| ಬೆಲೆ | 30 | 5 | 4.5 | 3.75 |
| ಸರ್ವಿಸ್ | 25 | 2 | 4 | 5 |
| ವಿದ್ಯುತ್ ಖರ್ಚು | 20 | 3 | 4 | 4 |
| ಕರೆಂಟ್ ಹೋದಾಗ | 15 | 2 | 3 | 5 |
| ಅಳವಡಿಕೆಯ ಅವಧಿ | 10 | 5 | 4 | 2 |
| ಒಟ್ಟು | 100 | 3.4 | 4.0 | 4.1 |

ಆ ರಾತ್ರಿ ಬೆಲೆಯಂಕಕ್ಕೆ ನಾನು ಹಾಕಿ ನೋಡಿದ ಬೇರೆ ಸೂತ್ರವೂ ಬಹಳ ಕಡೆ ಬಳಕೆಯಲ್ಲಿದೆ. ಅತಿ ಅಗ್ಗದವರಿಗೆ ಐದು, ಅತಿ ದುಬಾರಿಯವರಿಗೆ ಸೊನ್ನೆ, ನಡುವಿನವರಿಗೆ ಆ ಅಂತರದಲ್ಲಿ ಅವರು ನಿಂತ ಜಾಗಕ್ಕೆ ತಕ್ಕಷ್ಟು. ಇದರಲ್ಲಿ ಬಿ ಕಂಪನಿಯ ಬೆಲೆಯಂಕ 3.33, ಸಿ ಕಂಪನಿಯದು ಸೊನ್ನೆ. ಒಟ್ಟು ಎ 3.4, ಬಿ 3.65, ಸಿ 3.0.

ಎರಡರಲ್ಲಿ ನ್ಯಾಯ ಯಾವುದು? ನನಗೆ ಉತ್ತರ ಸಿಕ್ಕಿದ್ದು ಒಂದು ಸಣ್ಣ ಪರೀಕ್ಷೆಯಲ್ಲಿ. ಸಿ ಕಂಪನಿ ನಾಳೆ ಬೆಳಿಗ್ಗೆ ಕೊಟೇಷನ್ ವಾಪಸ್ ಪಡೆಯಿತು ಎಂದುಕೊಂಡು ಆ ಕಾಲಂ ಅಳಿಸಿದೆ. ಸೊನ್ನೆ ಕೊಡುವ ಸೂತ್ರದಲ್ಲಿ ಈಗ ಬಿ ಕಂಪನಿಯೇ ಅತಿ ದುಬಾರಿ. ಅವರ ಬೆಲೆಯಂಕ 3.33ರಿಂದ ಸೊನ್ನೆಗೆ ಬಿತ್ತು, ಒಟ್ಟು 2.65ಕ್ಕೆ ಇಳಿಯಿತು, ಎ ಗೆದ್ದಿತು. ಎ ಮತ್ತು ಬಿ ನಡುವೆ ಒಂದು ರೂಪಾಯಿಯೂ ಬದಲಾಗಿಲ್ಲ, ಸಂಬಂಧವಿಲ್ಲದ ಮೂರನೆಯವರು ಎದ್ದು ಹೋದದ್ದಕ್ಕೆ ಇವರಿಬ್ಬರ ಸ್ಥಾನ ಅದಲುಬದಲಾಯಿತು. ಭಾಗಾಕಾರದ ಸೂತ್ರದಲ್ಲಿ ಸಿ ಹೋದರೂ ಬಿ 4.0, ಎ 3.4, ಎರಡೂ ಹಾಗೆಯೇ ಉಳಿದವು. ಅತಿ ಅಗ್ಗದವರು ಎದ್ದು ಹೋದರೆ ಅದೂ ಅಲುಗುತ್ತದೆ, ನಿಜ. ಆದರೂ ನಮ್ಮ ಕೆಲಸಕ್ಕೆ ಅದೇ ವಾಸಿ. ಮೂರೇ ಕೊಟೇಷನ್ ಇರುವಾಗ ಕೊನೆಯವರಿಗೆ ಸೊನ್ನೆ ಕೊಡುವುದೆಂದರೆ, ಬೆಲೆಗೆ ನಿರ್ದೇಶಕರು ಹಾಕಿದ ಮೂವತ್ತು ಬೀಜದ ಮೇಲೆ ನಾನು ಕದ್ದು ಇನ್ನೊಂದು ಹಿಡಿ ಸೇರಿಸಿದಂತೆ.

ಸೂತ್ರದ ಚಿಂತೆ ಕಳೆಯಿತು, ಇನ್ನೊಂದು ಉಳಿಯಿತು. 4.0ಕ್ಕೂ 4.1ಕ್ಕೂ ನಡುವಿನ ಅಂತರ ಲೆಕ್ಕದ ಪ್ರಕಾರ 0.125. ಸರ್ವಿಸ್ ಸಾಲಿನಲ್ಲಿ ಒಂದೇ ಒಂದು ಅಂಕ ಹೆಚ್ಚುಕಡಿಮೆಯಾದರೆ ಒಟ್ಟು 0.25 ಬದಲಾಗುತ್ತದೆ. ಅಂದರೆ ಗೆಲುವಿನ ಅಂತರ ನಮ್ಮ ಒಂದು ಅಂದಾಜಿಗಿಂತ ಚಿಕ್ಕದು. ತೂಕಗಳನ್ನೂ ಅಲುಗಾಡಿಸಿ ನೋಡಿದೆ. ಸರ್ವಿಸ್‌ನಿಂದ ಎಂಟು ತೆಗೆದು ಬೆಲೆಗೆ ಸೇರಿಸಿದರೆ ಸಾಕು, ಬಿ ಮುಂದೆ ಬರುತ್ತದೆ. ನೂರರಲ್ಲಿ ಎಂಟು ಬೀಜ. ಇಬ್ಬರು ನಿರ್ದೇಶಕರು ಅಂದು ಬೇರೆ ಮನಸ್ಥಿತಿಯಲ್ಲಿದ್ದಿದ್ದರೆ ಅಷ್ಟು ಆಗಿಬಿಡುತ್ತಿತ್ತು.

ಸ್ಲೈಡಿನ ತಲೆಯ ಮೇಲೆ ‘ಮಾರಾಟಗಾರರ ಹೋಲಿಕೆ’ ಎಂದಿದ್ದುದನ್ನು ಅಳಿಸಿ, ‘ಸಿ ಮತ್ತು ಬಿ ಬಹುತೇಕ ಸಮ, ತೀರ್ಮಾನ ಸರ್ವಿಸ್ ಸಾಲಿನ ಮೇಲೆ ನಿಂತಿದೆ’ ಎಂದು ಬರೆದೆ. ಸರ್ವಿಸ್ ಸಾಲಿಗೆ ಮಾತ್ರ ತಿಳಿ ಹಳದಿ ಬಣ್ಣ ಕೊಟ್ಟೆ. ಮೊದಲು ಪ್ರತಿ ಚೌಕಕ್ಕೂ ಕೆಂಪು, ಹಸಿರು ತುಂಬಿದ್ದೆ, ಅದು ಸಂತೆಯ ಹಾಗಿತ್ತು. ಒಟ್ಟುಗಳನ್ನು ದಶಮಾಂಶದ ಒಂದೇ ಸ್ಥಾನಕ್ಕೆ ಇಳಿಸಿದೆ, ಏಕೆಂದರೆ 4.125 ಎಂದು ತೋರಿಸಿದರೆ ನಮ್ಮ ಅಂದಾಜು ಗ್ರಾಂ ತಕ್ಕಡಿಯಲ್ಲಿ ತೂಗಿದ್ದೆಂದು ನೋಡುವವರು ನಂಬುತ್ತಾರೆ. ಅಡಿಯಲ್ಲಿ ಎರಡು ಸಾಲು: ತೂಕಗಳನ್ನು ಲಕೋಟೆ ಒಡೆಯುವ ಮೊದಲು ನಿರ್ದೇಶಕರು ನಿಗದಿ ಮಾಡಿದ್ದು, ಬೆಲೆಯಂಕ ಎಂದರೆ ಅತಿ ಕಡಿಮೆ ಬೆಲೆ ಭಾಗಿಸು ಇವರ ಬೆಲೆ. ಸೊನ್ನೆ ಕೊಡುವ ಸೂತ್ರದ ಫಲಿತಾಂಶವನ್ನು ಮುಂದಿನ ಸ್ಲೈಡಿನಲ್ಲಿ ಇಟ್ಟೆ. ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ.

ಸಭೆಯಲ್ಲಿ ನಮ್ಮ ಅಧ್ಯಕ್ಷರು ಗೋಡೆಯ ಮೇಲಿನ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಓದಿದ್ದು ಏಳನೆಯ ತರಗತಿ, ಮಂಡಿಯ ಲೆಕ್ಕದಲ್ಲಿ ಅವರನ್ನು ಮೀರಿಸಿದವರು ಇಲ್ಲ.

‘ನೋಡಮ್ಮ, ಆ ಹಳದಿ ಸಾಲಿನಲ್ಲಿ ಸಿಗೆ ಐದು ಅಂತ ಯಾರು ಹೇಳಿದ್ದು?’

‘ಅವರ ಕೊಟೇಷನ್‌ನಲ್ಲೇ 24 ಗಂಟೆ ಎಂದು ಬರೆದಿದ್ದಾರೆ, ಸಾರ್.’

‘ಬಿ ಕಂಪನಿಗೆ?’

‘ಅವರ ಹಳೆಯ ಗ್ರಾಹಕರಿಬ್ಬರಿಗೆ ಫೋನ್ ಮಾಡಿದ್ದೆ. ಇಬ್ಬರೂ ಎರಡು ದಿನ ಎಂದರು.’

‘ಹಾಗಾದರೆ ಒಬ್ಬರದು ಬಾಯಿಮಾತು, ಇನ್ನೊಬ್ಬರದು ಅನುಭವ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೀಯಲ್ಲ.’

ಸಿ ಕಂಪನಿಯ ಗ್ರಾಹಕರು ಎರಡು ಸಲ ಫೋನ್ ಎತ್ತಿರಲಿಲ್ಲ, ಹಾಗಾಗಿ ಕಾಗದದಲ್ಲಿದ್ದುದನ್ನೇ ನಂಬಿದ್ದೆ. ಅಂದೇ ಮಧ್ಯಾಹ್ನ ಶ್ರೀನಿವಾಸಪುರದ ಕಡೆ ಮಾವಿಗೆಂದು ಅವರ ಕೊಠಡಿ ಹಾಕಿಸಿಕೊಂಡವರೊಬ್ಬರನ್ನು ಕಂಡು ಬಂದೆ. ಯಂತ್ರ ಚೆನ್ನಾಗಿದೆ ಎಂದರು. ಕಂಪ್ರೆಸರ್ ನಿಂತಾಗ ಮೆಕ್ಯಾನಿಕ್ ಬಂದದ್ದು ಮಾತ್ರ ಎರಡನೆಯ ದಿನ ಸಂಜೆ. 48 ಗಂಟೆಯೊಳಗೆ, ಅಂದರೆ 4.

ಐದನ್ನು ನಾಲ್ಕು ಮಾಡಿದೆ. ಸಿ ಕಂಪನಿಯ ಒಟ್ಟು 3.9, ಬಿ ಕಂಪನಿಯದು 4.0. ಅಂತರ ಈಗಲೂ ಕಿರಿದೇ, ಆದರೆ ಮೊದಲಿನಷ್ಟು ಸಡಿಲವಲ್ಲ. ಬೆಲೆಯಿಂದ ಸರ್ವಿಸ್‌ಗೆ ಹದಿನೇಳು ಬೀಜ ಸರಿಸಿದರೆ ಮಾತ್ರ ಮೇಲುಕೆಳಗಾಗುತ್ತದೆ. ಇಲ್ಲೊಂದು ಎಡವಟ್ಟೂ ಆಯಿತು: ಹಾಳೆಯಲ್ಲಿ ಅಂಕ ತಿದ್ದಿದೆ, ಸ್ಲೈಡಿನಲ್ಲಿ ಹಳೆಯ ಪಟ್ಟಿ ಹಾಗೆಯೇ ಕೂತಿತ್ತು, ಏಕೆಂದರೆ ಅದನ್ನು ಚಿತ್ರವಾಗಿ ಅಂಟಿಸಿದ್ದೆ. ಮುದ್ರಿಸುವ ಮುನ್ನ ನಿರ್ದೇಶಕರೊಬ್ಬರು ಕೂಡಿ ನೋಡಿದ್ದರಿಂದ ಸಿಕ್ಕಿಬಿದ್ದೆ. ಈಗ ಸ್ಲೈಡಿನ ಮೂಲೆಯಲ್ಲಿ ಹಾಳೆಯ ತಾರೀಖು ಮತ್ತು ಸಮಯ ಬರೆಯುತ್ತೇನೆ.

ಬಿ ಕಂಪನಿಗೆ ಆರ್ಡರ್ ಹೋಯಿತು. 48 ಗಂಟೆ ಮೀರಿದರೆ ದಿನಕ್ಕೆ ಇಷ್ಟು ದಂಡ ಎಂಬ ಸಾಲನ್ನು ಅಧ್ಯಕ್ಷರು ಒಪ್ಪಂದದಲ್ಲಿ ಬರೆಸಿದರು. ಸಿ ಕಂಪನಿಯವರು ಕಾರಣ ಕೇಳಿ ಫೋನ್ ಮಾಡಿದಾಗ ಅವರ ಕಾಲಂ ಓದಿ ಹೇಳಿದೆ. ಸರ್ವಿಸ್‌ನ ನಾಲ್ಕಕ್ಕೆ ಅವರು ಜಗಳಕ್ಕೆ ನಿಲ್ಲಲಿಲ್ಲ, ಅಳವಡಿಕೆಯ ಅವಧಿಗೆ ಎರಡೇ ಏಕೆ ಎಂದು ಮಾತ್ರ ಕೇಳಿದರು.