ಜಪಾನಿನ ನೆಂಕಿನ್ ದುಡ್ಡು, ಜೊತೆಗೆ ಎಲ್ಲರೂ ಬಿಟ್ಟುಬಿಡುವ ಆ ಶೇ. 20

ಪುಣೆಯಲ್ಲಿ ಜಪಾನಿಗೆ ಹೋಗಿ ಬಂದ ಕನ್ನಡಿಗರು ಕಡಿಮೆಯೇನಿಲ್ಲ. ಹಿಂಜವಡಿಯ ಸಾಫ್ಟ್‌ವೇರ್‌ನವರು, ಚಾಕಣ-ಪಿಂಪ್ರಿಯ ಆಟೊ ಕಂಪನಿಯವರು, ಎರಡೂ ಕಡೆ ಸಿಗುತ್ತಾರೆ. ಬಹಳ ಜನ ದತ್ತೈ ಇಚಿಜಿಕಿನ್, ಅಂದರೆ ದೇಶ ಬಿಟ್ಟವರಿಗೆ ಒಂದೇ ಸಲಕ್ಕೆ ಕೊಡುವ ಪಿಂಚಣಿ ಹಣ, ತಗೊಂಡಿರುತ್ತಾರೆ. ಆದರೆ ಅದರಲ್ಲಿ ಮುರಿದುಕೊಂಡ ಶೇ. 20.42 ತೆರಿಗೆ ವಾಪಸ್ ಬಂದಿದೆ ಅಂದವರು ನಮ್ಮ ಬಳಗದಲ್ಲಿ ಒಬ್ಬರೂ ಇರಲಿಲ್ಲ. ನಾನು ಕೇಳುತ್ತೇನೆ ಅಂದಾಗ ಹಿರಿಯರೊಬ್ಬರು, "ಸುಮ್ನೆ ಬಿಡೋ, ಜಪಾನಿನ ಟ್ಯಾಕ್ಸ್ ಆಫೀಸಿಂದ ಪುಣೆಗೆ ದುಡ್ಡು ಬರುತ್ತಾ?" ಅಂದರು. ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿದ್ದದ್ದು ನಗೋಯಾ ಕಡೆ, ಅಲ್ಲಿನ ಕಂಪನಿಯ ನೇರ ಪೇರೋಲ್‌ನಲ್ಲಿ. ಇದು ಮುಖ್ಯ. ಪುಣೆಯ ಕಂಪನಿ ನಿಮ್ಮನ್ನು ಡೆಪ್ಯುಟೇಶನ್ ಮೇಲೆ ಕಳಿಸಿ, ಇಪಿಎಫ್‌ಒದಿಂದ ಕವರೇಜ್ ಸರ್ಟಿಫಿಕೇಟ್ ಮಾಡಿಸಿದ್ದರೆ ನಿಮ್ಮ ಸಂಬಳದಲ್ಲಿ ಅಲ್ಲಿನ ನೆಂಕಿನ್, ಅಂದರೆ ಪಿಂಚಣಿ, ಕಡಿತವೇ ಆಗಿರುವುದಿಲ್ಲ. ಭಾರತ-ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ, ಅದರ ಮೊದಲ ಲಾಭವೇ ಇದು. ಪೇಸ್ಲಿಪ್‌ನಲ್ಲಿ ಕೋಸೇ ನೆಂಕಿನ್, ಅಂದರೆ ಸಂಬಳದಾರರ ಪಿಂಚಣಿಯ ಸಾಲು ಇದ್ದವರಿಗೆ ಮಾತ್ರ ಮುಂದಿನ ಮಾತು.

ಮೊದಲ ಪ್ರಶ್ನೆ ಯಾವಾಗ ಕೆಲಸ ಬಿಡಬೇಕು ಅನ್ನುವುದು. ಲೆಕ್ಕ ಸರಳ. ಕೋಸೇ ನೆಂಕಿನ್ ದರ ಸಂಬಳದ ಶೇ. 18.3. ಅದರಲ್ಲಿ ಅರ್ಧ, ಶೇ. 9.15, ನಿಮ್ಮದು. ಬೋನಸ್ ಸೇರಿಸಿ ತಿಂಗಳ ಸರಾಸರಿ ತೆಗೆದು, ಅದನ್ನು ಆ ಶೇ. 9.15ರಿಂದ ಗುಣಿಸಿ, ತಿಂಗಳ ಸಂಖ್ಯೆಯಿಂದ ಗುಣಿಸುತ್ತಾರೆ. ಆದರೆ ತಿಂಗಳನ್ನು ಒಂದೊಂದಾಗಿ ಎಣಿಸುವುದಿಲ್ಲ. ಆರಾರು ತಿಂಗಳ ಮೆಟ್ಟಿಲು. 57 ತಿಂಗಳು ಕಟ್ಟಿದವನಿಗೂ 54ರ ಲೆಕ್ಕವೇ. ಮೇಲಿನ ಮಿತಿ 60 ತಿಂಗಳು. 2021ರ ಏಪ್ರಿಲ್‌ಗೆ ಮುಂಚೆ ಬಿಟ್ಟವರಿಗೆ ಅದು 36 ಇತ್ತು, ಹಾಗಾಗಿ ಹಳಬರು ಹೇಳುವ ಅಂಕಿಗಳನ್ನು ನಂಬಬೇಡಿ.

ನನ್ನ ಪ್ರಾಜೆಕ್ಟ್ ಮುಗಿಯುತ್ತಿದ್ದದ್ದು 57ನೇ ತಿಂಗಳ ಹೊತ್ತಿಗೆ. ಬೋನಸ್ ಸೇರಿ ನನ್ನ ಸರಾಸರಿ 3 ಲಕ್ಷ 80 ಸಾವಿರ ಯೆನ್ ಆಸುಪಾಸು. 54ರ ಮೆಟ್ಟಿಲಲ್ಲಿ ಗುಣಕ 4.9, ಅಂದರೆ ಸುಮಾರು 18.6 ಲಕ್ಷ ಯೆನ್. 60ರ ಮೆಟ್ಟಿಲಲ್ಲಿ 5.5, ಅಂದರೆ 20.9 ಲಕ್ಷ. ಮೂರು ತಿಂಗಳಿಗೆ ಎರಡೂಕಾಲು ಲಕ್ಷ ಯೆನ್ ವ್ಯತ್ಯಾಸ! ಮ್ಯಾನೇಜರ್ ಹತ್ತಿರ ಕೂತು ಹ್ಯಾಂಡೋವರ್ ಕೆಲಸ ಉದ್ದ ಮಾಡಿಸಿಕೊಂಡೆ. ಇನ್ನೊಂದು ವಿಷಯ. ಕೊನೆಯ ದಿನವನ್ನು ತಿಂಗಳ ಕಟ್ಟಕಡೆಯ ತಾರೀಖಿಗೇ ಇಟ್ಟುಕೊಳ್ಳಿ. ಕೆಲಸ ಬಿಟ್ಟ ಮರುದಿನ ಸದಸ್ಯತ್ವ ಹೋಗುತ್ತದೆ, ಮತ್ತು ಸದಸ್ಯತ್ವ ಹೋದ ತಿಂಗಳು ಎಣಿಕೆಗೆ ಬರುವುದಿಲ್ಲ. 31ಕ್ಕೆ ಬಿಟ್ಟರೆ ಆ ತಿಂಗಳು ನಿಮ್ಮದು, 30ಕ್ಕೆ ಬಿಟ್ಟರೆ ಇಲ್ಲ. ನಮ್ಮ ಎಚ್‌ಆರ್‌ನವರು ಶುಕ್ರವಾರ ಅಂತ ನೋಡಿ ಎರಡು ದಿನ ಮುಂಚಿನ ತಾರೀಖು ಹಾಕಿದ್ದರು. ಬದಲಾಯಿಸಿಕೊಂಡೆ. 60ರ ಮೆಟ್ಟಿಲು ನಿಂತಿದ್ದೇ ಆ ಎರಡು ದಿನದ ಮೇಲೆ.

ತಗೊಳ್ಳಬೇಕಾ, ಬಿಡಬೇಕಾ ಅನ್ನುವುದಕ್ಕೂ ನಾನು ಕಾಗದ-ಪೆನ್ನು ಹಿಡಿದು ಕೂತಿದ್ದೆ. ತಗೊಂಡರೆ ಆ ಐದು ವರ್ಷ ಜಪಾನಿನ ದಾಖಲೆಯಲ್ಲಿ ಇಲ್ಲವೇ ಇಲ್ಲ ಅಂತಾಗುತ್ತದೆ. ಬಿಟ್ಟರೆ, ಒಪ್ಪಂದದ ಪ್ರಕಾರ ಇಲ್ಲಿನ ಇಪಿಎಫ್ ವರ್ಷಗಳನ್ನು ಅದರ ಜೊತೆ ಕೂಡಿಸಿ ಜಪಾನ್ ಕೇಳುವ 10 ವರ್ಷ ತುಂಬಿಸಬಹುದು. 65ಕ್ಕೆ ಅಲ್ಲಿಂದ ಪಿಂಚಣಿ ಬರುತ್ತದೆ. ಗಮನಿಸಿ, ಕೂಡಿಸುವುದು ಅರ್ಹತೆಗೆ ಮಾತ್ರ, ದುಡ್ಡಿನ ಲೆಕ್ಕ ಅಲ್ಲಿ ಕಟ್ಟಿದ ತಿಂಗಳಿಗೇ. ನನ್ನ ಲೆಕ್ಕದಲ್ಲಿ ಸಂಬಳದ ಭಾಗ ವರ್ಷಕ್ಕೆ 1.25 ಲಕ್ಷ ಯೆನ್, ಮೂಲ ಪಿಂಚಣಿ ಸುಮಾರು 1 ಲಕ್ಷ. ಒಟ್ಟು ವರ್ಷಕ್ಕೆ 2.25 ಲಕ್ಷ ಯೆನ್, ನಮ್ಮ ರೂಪಾಯಿಯಲ್ಲಿ ತಿಂಗಳಿಗೆ ಹತ್ತು-ಹನ್ನೊಂದು ಸಾವಿರ. ನನಗೆ ಆಗ ಮೂವತ್ತಾರು. ಇಪ್ಪತ್ತೊಂಬತ್ತು ವರ್ಷ ಕಾದು, ಆಮೇಲೆ ಒಂಬತ್ತು ವರ್ಷ ಪಡೆದರೆ ಬರೀ ಅಸಲು ಸಮ. ಅಷ್ಟು ದಿನ ಯೆನ್ ಬೆಲೆ ಏನಾಗುತ್ತೋ ಯಾರಿಗೆ ಗೊತ್ತು? ನಾನು ತಗೊಂಡೆ. ಪಿಂಪ್ರಿಯ ಗೆಳೆಯರೊಬ್ಬರಿಗೆ ಐವತ್ತು ದಾಟಿತ್ತು, ಅಲ್ಲಿ ಎಂಟು ವರ್ಷ ಕಟ್ಟಿದ್ದರು. ಅವರಿಗೆ ಬಿಡಿ ಅಂದೆ, ಬಿಟ್ಟಿದ್ದಾರೆ. ಎಂಟು ವರ್ಷ ಕಟ್ಟಿ ಐದೇ ವರ್ಷದ್ದು ಪಡೆಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಈ ಮಿತಿಯನ್ನು 8 ವರ್ಷಕ್ಕೆ ಏರಿಸುವ ಕಾನೂನು 2025ರಲ್ಲಿ ಪಾಸಾಗಿದೆ. ಈಗ ಹೊರಡುವವರು ಅದು ತಮಗೆ ಅನ್ವಯಿಸುತ್ತದಾ ಅಂತ ನೋಡಿಕೊಂಡೇ ತಾರೀಖು ಹಾಕಲಿ.

ಹೊರಡುವ ಮುಂಚೆ ಎರಡು ಕೆಲಸ ಅಲ್ಲೇ ಆಗಬೇಕು. ಒಂದು, ವಾರ್ಡ್ ಆಫೀಸಿನಲ್ಲಿ ದೇಶ ಬಿಡುತ್ತೇನೆ ಅಂತ ಟೆನ್ಶುತ್ಸು ತೊದೊಕೆ ಕೊಡುವುದು. ಜಪಾನಿನ ವಿಳಾಸ ಹೋಗದೆ ಅರ್ಜಿ ನಡೆಯುವುದಿಲ್ಲ, ಮತ್ತು ಅರ್ಜಿ ಹಾಕಲು ಇರುವ 2 ವರ್ಷದ ಗಡುವು ಶುರುವಾಗುವುದೂ ವಿಳಾಸ ಹೋದ ದಿನದಿಂದಲೇ. ಇನ್ನೊಂದು, ನೋಝೇ ಕನ್ರಿನಿನ್, ಅಂದರೆ ಅಲ್ಲೇ ಇದ್ದು ನಿಮ್ಮ ಪರವಾಗಿ ತೆರಿಗೆ ಕಾಗದ ನೋಡಿಕೊಳ್ಳುವವರು. ಲೈಸೆನ್ಸ್ ಇರುವ ಟ್ಯಾಕ್ಸ್‌ನವರೇ ಆಗಬೇಕಿಲ್ಲ. ಜಪಾನಿನಲ್ಲಿ ವಾಸ ಇರುವ ಗೆಳೆಯ ಸಾಕು. ನನ್ನವನು ದಾವಣಗೆರೆಯವನು, ಅಲ್ಲೇ ಮನೆ ಮಾಡಿದ್ದಾನೆ. ಇಬ್ಬರೂ ಟ್ಯಾಕ್ಸ್ ಆಫೀಸಿಗೆ ಹೋಗಿ ಒಂದು ಪುಟದ ಫಾರ್ಮ್ ಕೊಟ್ಟು ಬಂದೆವು. ಊರಿಗೆ ಬಂದ ಮೇಲೂ ಕೊಡಬಹುದು, ಕೊನೆಯ ವಿಳಾಸದ ಟ್ಯಾಕ್ಸ್ ಆಫೀಸಿಗೆ. ಆದರೆ ಆಗ ಕಾಗದ ಆ ಕಡೆ ಈ ಕಡೆ ಓಡಾಡುತ್ತದೆ.

ಇದಕ್ಕೆ ಮುಂಚೆ ಒಬ್ಬ ಏಜೆಂಟರನ್ನೂ ವಿಚಾರಿಸಿದ್ದೆ. ವಾಪಸ್ ಬರುವ ತೆರಿಗೆಯಲ್ಲಿ ಐದನೇ ಒಂದು ಪಾಲು ಕೇಳಿದರು, ಮೇಲೆ ಮುಂಗಡ ಬೇರೆ. ಒಂದು ಪುಟದ ಫಾರ್ಮಿಗೆ ಎಂಬತ್ತು ಸಾವಿರ ಯೆನ್ ಕೊಡಲು ನನಗೆ ಮನಸ್ಸು ಬರಲಿಲ್ಲ.

ಪುಣೆಗೆ ಬಂದು ಕೊತ್ರೂಡಿನಲ್ಲಿ ಮನೆ ಮಾಡಿ, ಟೋಕಿಯೊದ ಜಪಾನ್ ಪಿಂಚಣಿ ಕಚೇರಿಗೆ ಅರ್ಜಿ ಕಳಿಸಿದೆ. ಜೊತೆಗೆ ಪಾಸ್‌ಪೋರ್ಟ್ ನಕಲು, ನೆಂಕಿನ್ ನಂಬರ್ ಇರುವ ಕಾಗದ, ಬ್ಯಾಂಕ್ ಖಾತೆಯ ಪುರಾವೆ. ಕೆಲವು ವಾರಗಳ ನಂತರ ಅರ್ಜಿ ಹಾಗೇ ವಾಪಸ್ ಬಂತು. ಕಾರಣ ಹೆಸರು. ನಮ್ಮ ಕಡೆಯವರಿಗೆ ಇದು ಗೊತ್ತಿರಲೇಬೇಕು. ನನ್ನ ಖಾತೆ ಧಾರವಾಡದ ಶಾಖೆಯಲ್ಲಿ ಕಾಲೇಜಿನ ದಿನಗಳಲ್ಲಿ ತೆಗೆದದ್ದು, ಅದರಲ್ಲಿ ಇನಿಶಿಯಲ್ ಎರಡು, ಆಮೇಲೆ ಹೆಸರು. ಪಾಸ್‌ಪೋರ್ಟ್‌ನಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಪೂರ್ತಿ. ಪುಣೆಯ ಶಾಖೆಯವರು ಪತ್ರ ಕೊಡುವಾಗ ಇಲ್ಲಿನ ರೂಢಿಯಂತೆ ಮನೆತನದ ಹೆಸರನ್ನು ಮೊದಲು ಬರೆದರು. ಮೂರು ಕಾಗದದಲ್ಲಿ ಮೂರು ಮನುಷ್ಯರು! ನಮಗೆ ಅದು ಒಂದೇ ಹೆಸರು ಅಂತ ಗೊತ್ತು, ಟೋಕಿಯೊದಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಶಾಖೆಯವರು ಮೊದಲು ಆಗುವುದೇ ಇಲ್ಲ ಅಂದರು. ಇನಿಶಿಯಲ್ ತೆಗೆದು ಪೂರ್ತಿ ಹೆಸರು ಹಾಕಲು ಕೆವೈಸಿ ಹೊಸದಾಗಿ ಆಗಬೇಕು, ಅದು ಮೂಲ ಶಾಖೆಯಲ್ಲೇ ಆಗಬೇಕು ಅಂತ. ಧಾರವಾಡಕ್ಕೆ ಹೋಗಿ ಮಾಡಿಸಿದೆ. ಆಮೇಲೆ ಅರ್ಜಿಯ ಫಾರ್ಮಿನಲ್ಲೇ ಬ್ಯಾಂಕಿನ ಮುದ್ರೆಗೆ ಒಂದು ಜಾಗ ಇರುತ್ತದೆ ನೋಡಿ, ಅಲ್ಲಿ ಮುದ್ರೆ ಹಾಕಿಸಿದೆ. ಹೆಸರು ಪಾಸ್‌ಪೋರ್ಟಿನಲ್ಲಿರುವ ಅದೇ ಕ್ರಮದಲ್ಲಿ, ಅದೇ ಸ್ಪೆಲಿಂಗ್‌ನಲ್ಲಿ. ಮ್ಯಾನೇಜರ್ ಕೈಲಿ ಜಪಾನಿ ಫಾರ್ಮಿಗೆ ಮುದ್ರೆ ಹಾಕಿಸಲು ನಾನು ಏನು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಎದುರಿಗೆ ಸಿಕ್ಕಾಗ ಕೇಳಿ. ಅಡ್ಡದಾರಿ ಏನಲ್ಲ.

ಎರಡನೇ ಸಲ ಕಳಿಸಿ ಐದು ತಿಂಗಳ ಹತ್ತಿರ ಆಗಿರಬೇಕು, ದುಡ್ಡು ಬಂತು. 20.9 ಲಕ್ಷದಲ್ಲಿ 4.27 ಲಕ್ಷ ತೆರಿಗೆ ಮುರಿದು 16.6 ಲಕ್ಷ ಯೆನ್. ಬ್ಯಾಂಕಿನ ದರದಲ್ಲಿ ಒಂಬತ್ತೂವರೆ ಲಕ್ಷ ರೂಪಾಯಿ ಚಿಲ್ಲರೆ. ಜೊತೆಗೆ ಅಂಚೆಯಲ್ಲಿ ಒಂದು ನಿರ್ಧಾರ ಪತ್ರ ಬರುತ್ತದೆ, ಅದರಲ್ಲಿ ಒಟ್ಟು ಹಣ ಮತ್ತು ಮುರಿದ ತೆರಿಗೆ ಎರಡೂ ಇರುತ್ತವೆ. ದುಡ್ಡು ಬಂತಲ್ಲ ಅಂತ ಜನ ಇದನ್ನು ಕಸಕ್ಕೆ ಹಾಕುತ್ತಾರೆ. ಉಳಿದ ನಾಲ್ಕೂಕಾಲು ಲಕ್ಷದ ಕೀಲಿಕೈ ಇದೇ.

ನಕಲು ಇಟ್ಟುಕೊಂಡು ಮೂಲವನ್ನು ಗೆಳೆಯನಿಗೆ ಕಳಿಸಿದೆ. ಅವನು ಮುಂದಿನ ಜನವರಿಯಲ್ಲಿ ಟ್ಯಾಕ್ಸ್ ಆಫೀಸಿಗೆ ರಿಟರ್ನ್ ಹಾಕಿದ. ಇಲ್ಲಿನ ತರ್ಕ ಇಷ್ಟೇ. ಈ ಹಣವನ್ನು ಜಪಾನ್ ನಿವೃತ್ತಿ ಹಣ ಅಂತ ಎಣಿಸುತ್ತದೆ. ದೇಶದ ಹೊರಗಿರುವವರಿಗೆ ಕಣ್ಣು ಮುಚ್ಚಿ ಶೇ. 20.42 ಮುರಿಯುತ್ತಾರೆ. ಆದರೆ ಅಲ್ಲಿ ವಾಸ ಇದ್ದವರಿಗೆ ಹಾಕುವ ಲೆಕ್ಕವನ್ನೇ ನನಗೂ ಹಾಕಿ ಅಂತ ಕೇಳುವ ಹಕ್ಕು ಕಾನೂನಿನಲ್ಲೇ ಇದೆ. ಆ ಲೆಕ್ಕದಲ್ಲಿ ವರ್ಷಕ್ಕೆ 4 ಲಕ್ಷ ಯೆನ್ ವಿನಾಯಿತಿ, ಐದು ವರ್ಷಕ್ಕೆ 20 ಲಕ್ಷ. ನನ್ನದು 20.9. ಮೇಲಿನ 90 ಸಾವಿರದಲ್ಲಿ ಅರ್ಧಕ್ಕೆ ಮಾತ್ರ ತೆರಿಗೆ, ಅದೂ ಶೇ. 5 ಚಿಲ್ಲರೆ. ಕೊನೆಗೆ ಅವರು ಇಟ್ಟುಕೊಂಡದ್ದು ಎರಡು ಸಾವಿರದ ಮುನ್ನೂರು ಯೆನ್. ಉಳಿದ 4.24 ಲಕ್ಷ ಗೆಳೆಯನ ಖಾತೆಗೆ ಬಂತು, ನಮ್ಮ ರೂಪಾಯಿಯಲ್ಲಿ ಎರಡು ಲಕ್ಷ ನಲವತ್ತು ಸಾವಿರದಷ್ಟು. ಆಗಲ್ಲ ಅಂದಿದ್ದ ಹಿರಿಯರಿಗೆ ಮೊದಲು ಫೋನ್ ಮಾಡಿದ್ದು ನಾನೇ. ಐದು ವರ್ಷದೊಳಗೆ ಕೇಳಬಹುದು, ಹಾಗಾಗಿ ಈಚೆಗೆ ಬಂದವರು ಹಳೆಯ ಕಾಗದ ಹುಡುಕಿ. ಅದೇ ವರ್ಷ ಕಂಪನಿಯಿಂದಲೂ ನಿವೃತ್ತಿ ಹಣ ಬಂದಿದ್ದರೆ ಎರಡೂ ಕೂಡುತ್ತವೆ, ವಾಪಸ್ ಬರುವುದು ಕಡಿಮೆಯಾಗುತ್ತದೆ.

ಗೆಳೆಯ ಕಳಿಸುವಾಗ ಅವನ ಬ್ಯಾಂಕು ಇದು ಯಾರ ದುಡ್ಡು, ಯಾಕೆ ಕಳಿಸುತ್ತಿದ್ದೀರಿ ಅಂತ ಕೇಳಿತು. ಟ್ಯಾಕ್ಸ್ ಆಫೀಸಿನ ಮರುಪಾವತಿ ಪತ್ರ ತೋರಿಸಿದ ಮೇಲೆ ಬಿಟ್ಟರು. ಆ ಪತ್ರದ ನಕಲು ನಿಮ್ಮ ಹತ್ತಿರವೂ ಇರಲಿ, ಇಲ್ಲಿ ತೆರಿಗೆ ತುಂಬುವಾಗ ಬೇಕಾಗುತ್ತದೆ. ಐದೇ ವರ್ಷ ಹೊರಗಿದ್ದವರಿಗೆ ಆರ್‌ಎನ್‌ಒಆರ್ ಸ್ಥಾನ, ಅಂದರೆ ವಿದೇಶದ ಆದಾಯಕ್ಕೆ ಇಲ್ಲಿ ತೆರಿಗೆ ಬೀಳದ ಸ್ಥಾನ, ಸಾಮಾನ್ಯವಾಗಿ ಸಿಗುವುದಿಲ್ಲ. ಹಿಂದಿನ ಏಳು ವರ್ಷದಲ್ಲಿ ಇಲ್ಲಿದ್ದದ್ದು 729 ದಿನ ದಾಟಬಾರದು, ಹೋಗುವ ಮುಂಚಿನ ಎರಡು ವರ್ಷದಲ್ಲೇ ಅದು ದಾಟಿರುತ್ತದೆ. ಹಾಗಾಗಿ ಈ ಹಣವನ್ನು ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು, ಹೇಗೆ ತೋರಿಸಬೇಕು ಅಂತ ಸಿಎ ಹತ್ತಿರ ಕೂತು ತೀರ್ಮಾನಿಸಿ. ಜಪಾನ್ ವಾಪಸ್ ಕೊಡುವ ತೆರಿಗೆಗೆ ಇಲ್ಲಿ ಕ್ರೆಡಿಟ್ ಕೇಳಬೇಡಿ. ನನ್ನ ಸಿಎ ಮೊದಲ ಕರಡಿನಲ್ಲಿ 4.27 ಲಕ್ಷವನ್ನೂ ಕ್ರೆಡಿಟ್‌ಗೆ ಹಾಕಿದ್ದರು, ನಾನು ತೆಗೆಸಿದೆ.